ಸಂಪಾದಕರ ಉತ್ತರ: ಮೂರ್ ಯಂತ್ರಕ್ಕೂ ಗ್ಲಿಚ್ ಬರುತ್ತದೆ

*ಬರುವ ಬಿಟ್‌ಗಳಲ್ಲಿ 101 ಕಂಡಾಗಲೆಲ್ಲ ಕೌಂಟರ್ ಒಂದು ಹೆಚ್ಚಬೇಕು. ಮೊದಲು ಮೀಲಿ ರೀತಿಯಲ್ಲಿ ಕಟ್ಟಿದೆ. ಒಂದಕ್ಕೆ ಮೂರು ಎಣಿಸಿತು. ಮೂರ್ ಯಂತ್ರದಲ್ಲಿ ಗ್ಲಿಚ್ ಇರುವುದಿಲ್ಲ ಎಂದು ಪಾಠದಲ್ಲಿ ಓದಿ ಹಾಗೆ ಬದಲಾಯಿಸಿದೆ. ಈಗಲೂ ಆಗಾಗ ಹೆಚ್ಚು ಎಣಿಸುತ್ತದೆ. ಸಿಮ್ಯುಲೇಶನ್‌ನಲ್ಲಿ ಎಲ್ಲವೂ ಸರಿಯಾಗಿದೆ. ತಪ್ಪು ಎಲ್ಲಿದೆ? ಚಿತ್ರ ಲಗತ್ತಿಸಿದ್ದೇನೆ.*
*— ಡಿಪ್ಲೊಮಾ ವಿದ್ಯಾರ್ಥಿನಿ, ಹಾಸನ*

ನೀವು ಯಂತ್ರ ಕಟ್ಟಿದ್ದರಲ್ಲಿ ತಪ್ಪಿಲ್ಲ. ಪಾಠದ ಆ ವಾಕ್ಯವೇ ಅರ್ಧ ನಿಜ: ಗ್ಲಿಚ್, ಅಂದರೆ ಕ್ಷಣಮಾತ್ರದ ತಪ್ಪು ಪಲ್ಸ್, ಮೂರ್ ಯಂತ್ರದಲ್ಲೂ ಹುಟ್ಟಬಹುದು.

ಮೊದಲ ಸರ್ಕ್ಯೂಟಿನ ಕಥೆ ಸರಳ. ಮೀಲಿ ಯಂತ್ರ ‘10 ಬಂದಿದೆ’ ಎಂಬ ಸ್ಥಿತಿಯಲ್ಲಿ ಕುಳಿತಿರುವಾಗ ಇನ್‌ಪುಟ್ x ಮೇಲೇರಿದರೆ ಔಟ್‌ಪುಟ್ z ಕೂಡ ಆ ಕ್ಷಣವೇ ಏರುತ್ತದೆ, ಕ್ಲಾಕ್‌ಗಾಗಿ ಕಾಯುವುದಿಲ್ಲ. ಮೂರ್‌ಗಿಂತ ಒಂದು ಕ್ಲಾಕ್ ಮೊದಲೇ ಉತ್ತರ ಸಿಗುವುದು ಈ ಕಾರಣಕ್ಕೇ. ಆದರೆ ನಿಮ್ಮ x ಬರುತ್ತಿರುವುದು ಒತ್ತುಗುಂಡಿಯಿಂದ. ಗುಂಡಿಯ ಲೋಹದ ತುದಿಗಳು ಕೆಲವು ಮಿಲಿಸೆಕೆಂಡುಗಳ ಕಾಲ ಕುಣಿಯುತ್ತವೆ, ಅಷ್ಟೂ ಕುಣಿತ ನೇರವಾಗಿ z ಮೂಲಕ ಕೌಂಟರನ್ನು ಮುಟ್ಟುತ್ತದೆ. ಇನ್ನೂ ವಿಚಿತ್ರವೆಂದರೆ, ಕ್ಲಾಕ್ ಬರುವಷ್ಟರಲ್ಲಿ x ಮತ್ತೆ 0 ಆಗಿಬಿಟ್ಟರೆ ಯಂತ್ರದ ಮಟ್ಟಿಗೆ ಆ 1 ಬಂದೇ ಇಲ್ಲ. ಕೌಂಟರ್ ಮಾತ್ರ ಅದನ್ನು ಎಣಿಸಿ ಮುಗಿಸಿರುತ್ತದೆ.

ಎರಡನೆಯ ಸರ್ಕ್ಯೂಟಿಗೆ, ಅಂದರೆ ಸ್ಥಿತಿಯನ್ನು ಮಾತ್ರ ನೋಡಿ z ಕೊಡುವ ಮೂರ್ ಯಂತ್ರಕ್ಕೆ ಬರೋಣ. ನೀವು ಕೊಟ್ಟ ಸಂಕೇತಗಳು: ಅ (ಏನೂ ಬಂದಿಲ್ಲ) 00, ಬ (1 ಬಂದಿದೆ) 01, ಕ (10 ಬಂದಿದೆ) 10, ಡ (101 ಬಂದಿದೆ) 11. ಸಂಕೇತದ ಬಿಟ್‌ಗಳಾದ Q1, Q0 ಎರಡನ್ನೂ ಒಂದು ಆ್ಯಂಡ್ ಗೇಟಿಗೆ ಕೊಟ್ಟು z ಪಡೆದಿದ್ದೀರಿ. ಬ ಸ್ಥಿತಿಯಿಂದ ಕ ಸ್ಥಿತಿಗೆ ಹೋಗುವಾಗ 01 ಅಳಿದು 10 ಆಗಬೇಕು, ಅಂದರೆ ಎರಡೂ ಬಿಟ್ ಬದಲಾಗಬೇಕು. ನೀವು ಬಳಸಿದ 74LS74 ಫ್ಲಿಪ್‌ಫ್ಲಾಪ್ ಮೇಲೇರುವುದರಲ್ಲಿ ಚುರುಕು, ಇಳಿಯುವುದರಲ್ಲಿ ಸೋಮಾರಿ: ಡೇಟಾಶೀಟ್ ಪ್ರಕಾರ ಏರಲು ಸಾಮಾನ್ಯವಾಗಿ 13 ನ್ಯಾನೊಸೆಕೆಂಡ್, ಇಳಿಯಲು 25. ನಡುವಿನ ಸುಮಾರು 12 ನ್ಯಾನೊಸೆಕೆಂಡ್ Q1, Q0 ಎರಡೂ 1 ಆಗಿರುತ್ತವೆ. ಗೇಟಿನ ಕಣ್ಣಿಗೆ ಅದೇ ಡ ಸ್ಥಿತಿ!

ಕೌಂಟರ್ ಆಗಾಗ ಮಾತ್ರ ತಪ್ಪುವುದಕ್ಕೂ ಇಲ್ಲೇ ಕಾರಣವಿದೆ. ನಿಮ್ಮ ಕೌಂಟರ್ ಚಿಪ್ 74LS93ಕ್ಕೆ ಕನಿಷ್ಠ 15 ನ್ಯಾನೊಸೆಕೆಂಡ್ ಅಗಲದ ಪಲ್ಸ್ ಬೇಕು. ಅದಕ್ಕಿಂತ ಕಿರಿದಾದದ್ದನ್ನು ಅದು ಒಮ್ಮೆ ಎಣಿಸೀತು, ಒಮ್ಮೆ ಬಿಟ್ಟೀತು. ಗೇಟುಗಳ ವಿಳಂಬವನ್ನು ಲೆಕ್ಕಕ್ಕೆ ಹಿಡಿಯದ ಸಿಮ್ಯುಲೇಶನ್‌ನಲ್ಲಿ ಎರಡೂ ಬಿಟ್ ಒಟ್ಟಿಗೇ ಬದಲಾಗುತ್ತವೆ, ಹಾಗಾಗಿ ಅಲ್ಲಿ ಏನೂ ಕಾಣದು. ಎಲ್ಇಡಿಯಲ್ಲಂತೂ ಕಾಣುವ ಮಾತೇ ಇಲ್ಲ. ಪರೀಕ್ಷಿಸಲು 100100100 ಎಂದು ಕಳುಹಿಸುತ್ತಾ ಹೋಗಿ. ಅದರಲ್ಲಿ 101 ಎಲ್ಲಿಯೂ ಇಲ್ಲ. ಆದರೂ ಕೌಂಟರ್ ಏರಿದರೆ ಕಳ್ಳ ಸಿಕ್ಕಂತೆ.

‘ಸಂಕೇತ ಬದಲಿಸಿ, ಒಂದು ಸಲಕ್ಕೆ ಒಂದೇ ಬಿಟ್ ಬದಲಾಗುವಂತೆ ಮಾಡಿ’ ಎಂದು ಯಾರಾದರೂ ಹೇಳಿಯಾರು. ಇಲ್ಲಿ ಅದು ನಡೆಯುವುದಿಲ್ಲ. 00, 01, 11, 10 ಇವನ್ನು ಒಂದು ಚೌಕದ ನಾಲ್ಕು ಮೂಲೆಗಳಲ್ಲಿ ಬರೆಯಿರಿ. ಅಂಚಿನ ಮೇಲೆ ನಡೆದರೆ ಒಂದು ಬಿಟ್, ಕರ್ಣದಲ್ಲಿ ದಾಟಿದರೆ ಎರಡು. ಅ, ಬ, ಕ ಮೂರನ್ನು ಯಾವ ಮೂಲೆಗಳಲ್ಲಿ ಇಟ್ಟರೂ ಅವುಗಳಲ್ಲಿ ಎರಡು ಎದುರುಬದುರಾಗಿಯೇ ಕೂರುತ್ತವೆ. ಅ ಇಂದ ಬ, ಬ ಇಂದ ಕ, ಕ ಇಂದ ಅ, ಮೂರು ದಾರಿಯೂ ನಿಮ್ಮ ಯಂತ್ರದಲ್ಲಿ ಇವೆ. ಹಾಗಾಗಿ ಒಂದು ಕರ್ಣಪ್ರಯಾಣ ತಪ್ಪದು, ಅದರ ಒಂದು ಪಕ್ಕದ ಮೂಲೆಯಲ್ಲಿ ಡ ಕುಳಿತೇ ಇರುತ್ತದೆ. ಡ ಸ್ಥಿತಿಗೆ 00 ಕೊಟ್ಟರೆ ಏರಿಕೆಯ ಚುರುಕು ನಿಮ್ಮನ್ನು ಕಾಪಾಡಬಹುದು, ನಿಜ. ಆದರೆ ಬೇರೆ ಜಾತಿಯ ಚಿಪ್ ಹಾಕಿದ ದಿನ ಆ ಭರವಸೆಯೂ ಹೋಯಿತು.

ಆದ್ದರಿಂದ z ಅನ್ನು ಗೇಟಿನಿಂದ ತೆಗೆಯಬೇಡಿ, ಅದಕ್ಕೇ ಒಂದು ಫ್ಲಿಪ್‌ಫ್ಲಾಪ್ ಕೊಡಿ. ಕ ಸ್ಥಿತಿಯಲ್ಲಿದ್ದು x ಕೂಡ 1 ಆಗಿದ್ದರೆ ಮುಂದಿನ ಕ್ಲಾಕ್ ಅಂಚಿನಲ್ಲಿ z ಏರಲಿ:

```
always @(posedge clk)
  z <= (state == 2'b10) && x;
```

ಬಲಬದಿಯಲ್ಲಿರುವುದು ನಿಮ್ಮ ಹಳೆಯ ಮೀಲಿ ಸೂತ್ರವೇ. ಅದನ್ನು ಫ್ಲಿಪ್‌ಫ್ಲಾಪಿನಲ್ಲಿ ಹಿಡಿದರೆ z ಬರುವ ಸಮಯ ಮೂರ್ ಯಂತ್ರದ್ದೇ ಆಗುತ್ತದೆ, ನಡುವಿನ ಗ್ಲಿಚ್‌ಗಳು ಹೊರಗೆ ಬರುವುದಿಲ್ಲ. ಡ ಸ್ಥಿತಿಯೂ ಬೇಕಿಲ್ಲ; ಕ ಇಂದ 1 ಬಂದಾಗ ನೇರವಾಗಿ ಬ ಗೆ ಹೋಗಬಹುದು. ಗುಂಡಿಯ ಕುಣಿತ ಇದರಿಂದ ನಿಲ್ಲುವುದಿಲ್ಲ. x ಅನ್ನು ಕುಣಿತ ಕಳೆದು, ಕ್ಲಾಕ್‌ಗೆ ಹೊಂದಿಸಿಯೇ ಒಳಗೆ ಬಿಡಿ.

ಇನ್ನೊಂದು ಮಾತು, ಸ್ವಲ್ಪ ಗದರಿಕೆಯೆಂದೇ ತಿಳಿಯಿರಿ: z ಅನ್ನು ಕೌಂಟರಿನ ಕ್ಲಾಕ್ ಕಾಲಿಗೆ ಸಿಕ್ಕಿಸಿದ್ದೇ ಮೂಲ ತಪ್ಪು. 74LS93 ಬದಲು 74LS163 ಹಾಕಿ, ಯಂತ್ರದ ಕ್ಲಾಕನ್ನೇ ಅದಕ್ಕೂ ಕೊಡಿ. z ಅದರ ಎನೇಬಲ್ ಕಾಲಿಗೆ ಹೋಗಲಿ. ಆಗ ಕೌಂಟರ್ z ಅನ್ನು ನೋಡುವುದು ಕ್ಲಾಕ್ ಅಂಚಿನಲ್ಲಿ ಮಾತ್ರ, ಅಷ್ಟರಲ್ಲಿ ಆ 12 ನ್ಯಾನೊಸೆಕೆಂಡಿನ ಗಲಾಟೆ ಎಂದೋ ಅಡಗಿರುತ್ತದೆ. ಹೀಗೆ ಜೋಡಿಸಿ, x ಕೂಡ ಕ್ಲಾಕ್‌ಗೆ ಹೊಂದಿಕೊಂಡಿದ್ದರೆ, ನಿಮ್ಮ ಮೊದಲ ಮೀಲಿ ಸರ್ಕ್ಯೂಟೇ ಸಾಕಿತ್ತು.