ಫೋನಿನಲ್ಲಿ ಹೇಳಿದ ನಂಬರ್, ತಾರೀಖು, ದುಡ್ಡು, ಹೆಸರು ಆ ಕಡೆ ಸರಿಯಾಗಿ ಬರೆದುಕೊಳ್ಳುವಂತೆ ಮಾಡುವುದು ಹೇಗೆ?

ಪ್ರಶ್ನೆ: ಕಲ್ಯಾಣ ಮಂಟಪದ ಆಫೀಸಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ಬುಕಿಂಗ್ ಎಲ್ಲಾ ಫೋನಿನಲ್ಲೇ. ನಿಧಾನವಾಗಿ, ಎರಡೆರಡು ಸಲ ಹೇಳಿದರೂ ಆ ಕಡೆಯವರು ನಂಬರೋ, ತಾರೀಖೋ, ದುಡ್ಡೋ, ಹೆಸರೋ ಏನಾದರೊಂದು ತಪ್ಪು ಬರೆದುಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ:

ಎರಡನೇ ಸಲವೂ ಮೊದಲಿನಂತೆಯೇ ಹೇಳುತ್ತಿದ್ದೀರಿ ಅನಿಸುತ್ತದೆ. ಅದರಿಂದ ಉಪಯೋಗ ಕಡಿಮೆ. ‘ಮುನ್ನೂರು’ ಅಂದದ್ದು ಒಮ್ಮೆ ‘ಇನ್ನೂರು’ ಎಂದು ಕೇಳಿಸಿದರೆ, ಎಷ್ಟು ಜೋರಾಗಿ ಹೇಳಿದರೂ ಅವರಿಗೆ ಮತ್ತೆ ‘ಇನ್ನೂರು’ ಎಂದೇ ಕೇಳಿಸುತ್ತದೆ. ಎರಡನೇ ಸಲ ಅದನ್ನೇ ಬೇರೆ ದಾರಿಯಲ್ಲಿ ಹೇಳಬೇಕು. ಆಗ ಎರಡೂ ತಾಳೆಯಾಗದಿದ್ದರೆ ಕೇಳುವವರೇ ‘ಸ್ವಲ್ಪ ಇರಿ’ ಅನ್ನುತ್ತಾರೆ.

ನಾನು ಹುಬ್ಬಳ್ಳಿಯಲ್ಲಿ ಒಂದು ಲಾರಿ ಟ್ರಾನ್ಸ್‌ಪೋರ್ಟಿನ ಬುಕಿಂಗ್ ಟೇಬಲ್ಲಿನಲ್ಲಿ ಕೂತು ಬಹಳ ವರ್ಷ ಇದೇ ಕೆಲಸ ಮಾಡಿದವನು. ಈಗ ಹೊಸಬರಿಗೆ ಕಲಿಸುತ್ತೇನೆ. ನಿಮ್ಮ ಮಂಟಪದ್ದೇ ಒಂದು ಬುಕಿಂಗ್ ಇಟ್ಟುಕೊಂಡು ಹೇಳುತ್ತೇನೆ. 2026ರ ಜುಲೈ 5ಕ್ಕೆ ಮದುವೆ. ಬಾಡಿಗೆ 1,08,300 ರೂಪಾಯಿ. ರಸೀದಿ ವಸಂತ ಅನ್ನುವವರ ಹೆಸರಿಗೆ.

ಮೊದಲು ತಾರೀಖು. ನಿಮ್ಮ ಕೆಲಸದಲ್ಲಿ ದುಡ್ಡು ತಪ್ಪಿದರೆ ಸರಿಮಾಡಬಹುದು, ತಾರೀಖು ತಪ್ಪಿದರೆ ಮದುವೆಯೇ ತಪ್ಪುತ್ತದೆ. ‘ಐದು ಏಳು’ ಅಂತ ಯಾವತ್ತೂ ಹೇಳಬೇಡಿ. ಮದುವೆ ಮನೆಯ ಮಗನೋ ಮಗಳೋ ಅಮೆರಿಕದಲ್ಲಿದ್ದು ಅಲ್ಲಿಂದಲೇ ಫೋನ್ ಮಾಡುತ್ತಿದ್ದರೆ, ಅವರಿಗೆ ಅದು ಮೇ ತಿಂಗಳ ಏಳನೇ ತಾರೀಖು ಆಗಿಬಿಡಬಹುದು. ಅಲ್ಲಿ ತಿಂಗಳನ್ನೇ ಮೊದಲು ಬರೆಯುತ್ತಾರೆ. ತಿಂಗಳ ಹೆಸರು ಹೇಳಿದರೂ ಜೂನ್ ಮತ್ತು ಜುಲೈ ಫೋನಿನಲ್ಲಿ ಒಂದರಂತೆ ಒಂದು ಕೇಳಿಸುತ್ತವೆ. ಅದಕ್ಕೆ ಹೀಗೆ ಹೇಳಿ: ‘ಜುಲೈ, ಏಳನೇ ತಿಂಗಳು, ಐದನೇ ತಾರೀಖು, ಭಾನುವಾರ.’

ಇಲ್ಲಿ ಎಲ್ಲಕ್ಕಿಂತ ಕೆಲಸ ಮಾಡುವುದು ವಾರ. ಆ ವರ್ಷ ಜುಲೈ 5 ಭಾನುವಾರ, ಜೂನ್ 5 ಶುಕ್ರವಾರ, ಮೇ 7 ಗುರುವಾರ. ಯಾವ ರೀತಿ ತಪ್ಪಾಗಿ ಕೇಳಿಸಿಕೊಂಡರೂ ಕ್ಯಾಲೆಂಡರ್ ನೋಡಿದ ಕೂಡಲೇ ವಾರ ಹೊಂದುವುದಿಲ್ಲ. ‘ಸ್ವಾಮಿ, ಕ್ಯಾಲೆಂಡರ್ ತೆಗೆದು ನೋಡಿ, ನಾನು ಕಾಯ್ತೀನಿ’ ಅಂತ ಹೇಳಿ ನಿಜವಾಗಿಯೂ ಕಾಯಿರಿ. ಗೋಡೆಯ ಮೇಲೆ ಕ್ಯಾಲೆಂಡರ್ ಇಲ್ಲದ ಮನೆ ನಮ್ಮಲ್ಲಿ ಅಪರೂಪ.

ಮದುವೆ ಬುಕಿಂಗಿನಲ್ಲಿ ಇನ್ನೊಂದು ತೊಡಕು ಇದೆ. ಮುಹೂರ್ತ ಬೆಳಗಿನ ಜಾವ 4:30ಕ್ಕೆ ಇದ್ದರೆ ಅದು ಯಾವ ವಾರ? ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ. ಗಡಿಯಾರದಲ್ಲಿ ಮಧ್ಯರಾತ್ರಿಗೇ ಬದಲಾಗಿರುತ್ತದೆ. ಮನೆಯ ಹಿರಿಯರು ‘ಶನಿವಾರ’ ಅಂದಾಗ ನಿಮ್ಮ ಪುಸ್ತಕದಲ್ಲಿ ಅದು ಭಾನುವಾರ ಇರಬಹುದು. ಹಾಗಾಗಿ ಎರಡು ತುದಿಯನ್ನೂ ಹೇಳಿ: ‘ಶನಿವಾರ ನಾಲ್ಕನೇ ತಾರೀಖು ಮಧ್ಯಾಹ್ನ ಬೀಗ ಕೊಡ್ತೀವಿ. ಮುಹೂರ್ತ ಅವತ್ತಿನ ರಾತ್ರಿ ಕಳೆದು ಬೆಳಗಿನ ಜಾವ. ಭಾನುವಾರ ಐದನೇ ತಾರೀಖು ಸಾಯಂಕಾಲ ಮಂಟಪ ಬಿಡಬೇಕು.’ ‘ಮುಂದಿನ ಶನಿವಾರ’, ‘ಎಂಟು ದಿನ ಬಿಟ್ಟು’ ಇಂಥ ಮಾತು ಮನೆಯವರ ನಡುವೆ ಸರಿ. ಬುಕಿಂಗಿನಲ್ಲಿ ಬೇಡ. ಎಂಟು ದಿನ ಅಂದರೆ ಕೆಲವರಿಗೆ ಒಂದು ವಾರ, ಕೆಲವರಿಗೆ ಲೆಕ್ಕ ಹಾಕಿದ ಎಂಟು ದಿನ.

ಇನ್ನು ದುಡ್ಡು. 1,08,300 ಅನ್ನು ‘ಒಂದು ಲಕ್ಷ ಎಂಟು ಸಾವಿರದ ಮುನ್ನೂರು’ ಅಂತ ಓದುತ್ತೀರಿ, ಅಲ್ವಾ? ಇದರಲ್ಲಿ ಎರಡು ಕಡೆ ಜಾರುತ್ತದೆ. ಎಂಟು ಸಾವಿರ ಎಂಬತ್ತು ಸಾವಿರವಾಗಬಹುದು, ಮುನ್ನೂರು ಇನ್ನೂರಾಗಬಹುದು. ಆದ್ದರಿಂದ ಒಮ್ಮೆ ಹೀಗೆ ಹೇಳಿ, ಸ್ವಲ್ಪ ನಿಲ್ಲಿಸಿ, ಆಮೇಲೆ ಬಿಡಿಬಿಡಿಯಾಗಿ: ‘ಒಂದು, ಸೊನ್ನೆ, ಎಂಟು. ಮೂರು, ಸೊನ್ನೆ, ಸೊನ್ನೆ. ಒಟ್ಟು ಆರು ಅಂಕಿ.’ ಎಂಟು ಮತ್ತು ಸೊನ್ನೆ ಯಾವುದು ಮೊದಲು ಅನ್ನುವುದು ಈಗ ಗಟ್ಟಿಯಾಯಿತು. ‘ಮುನ್ನೂರು’ ಹೋಗಿ ‘ಮೂರು’ ಬಂದದ್ದರಿಂದ ‘ಇನ್ನೂರು’ ಅನ್ನುವ ಅನುಮಾನವೂ ಹೋಯಿತು. ‘ಎರಡು’ ಮತ್ತು ‘ಮೂರು’ ಒಂದಕ್ಕೊಂದು ಹೋಲುವುದಿಲ್ಲ.

ಮೂರನೇ ದಾರಿಯೂ ಒಂದಿದೆ, ಅದು ನನಗೆ ಬಹಳ ಇಷ್ಟ. ಅಡ್ವಾನ್ಸ್ ಮತ್ತು ಬಾಕಿ ಎರಡನ್ನೂ ಹೇಳುವುದು. ‘ಅಡ್ವಾನ್ಸ್ ಮೂವತ್ತು ಸಾವಿರ, ಬಾಕಿ ಎಪ್ಪತ್ತೆಂಟು ಸಾವಿರದ ಮುನ್ನೂರು. ಕೂಡಿಸಿ ನೋಡಿ.’ ಒಟ್ಟು ಮೊತ್ತವನ್ನು ಅವರು 1,80,300 ಅಂತ ಬರೆದಿದ್ದರೆ ಕೂಡಿಸಿದಾಗ ಲೆಕ್ಕ ಬರುವುದಿಲ್ಲ. ಎಪ್ಪತ್ತೆಂಟನ್ನು ಎಂಬತ್ತೆಂಟು ಅಂತ ಬರೆದಿದ್ದರೂ ಬರುವುದಿಲ್ಲ. ಕನ್ನಡದಲ್ಲಿ ಎಪ್ಪತ್ತು ಮತ್ತು ಎಂಬತ್ತು ಬಹಳ ಸಲ ಹೀಗೆ ಕಲಸಿಹೋಗುತ್ತವೆ.

‘ಎಪ್ಪತ್ತೆರಡೂವರೆ’, ‘ಒಂದೂಕಾಲು’ ಅನ್ನುವ ರೂಢಿ ವ್ಯಾಪಾರದವರ ಬಾಯಲ್ಲಿ ಚೆನ್ನಾಗಿದೆ. ಫೋನಿನಲ್ಲಿ ಮಾತ್ರ ಪೂರ್ತಿ ಬಿಡಿಸಿ ಹೇಳಿ. ಕಾಲು, ಅರೆ, ಮುಕ್ಕಾಲು ಚಿಕ್ಕ ಸದ್ದುಗಳು, ಸಿಗ್ನಲ್ ಒಂದು ಕ್ಷಣ ತಪ್ಪಿದರೆ ಅವೇ ಹೋಗುತ್ತವೆ. ಒಂದೂಕಾಲು ಲಕ್ಷದಲ್ಲಿ ಕಾಲು ಬಿದ್ದರೆ 25,000 ಹೋದಂತೆ.

ಮೊಬೈಲ್ ನಂಬರ್ ವಿಚಾರಕ್ಕೆ ಬರೋಣ. ನಮ್ಮಲ್ಲಿ ಹತ್ತು ಅಂಕಿ, ಶುರುವಾಗುವುದು 6, 7, 8, 9ರಲ್ಲಿ ಒಂದರಿಂದ. ಐದೈದಾಗಿ ಒಡೆಯಿರಿ. ಐದು ಹೇಳಿ, ಬಾಯಿ ಮುಚ್ಚಿ. ಆ ಕಡೆಯಿಂದ ‘ಹ್ಞೂಂ’ ಬಂದರೆ ಸಾಲದು, ಆ ಐದನ್ನು ಅವರು ಓದಿ ಹೇಳಬೇಕು. ಆಮೇಲೆ ಉಳಿದ ಐದು. ಬರೆಯುವ ಕೈ ಕೇಳುವ ಕಿವಿಗಿಂತ ಹಿಂದಿರುತ್ತದೆ, ಈ ಬಿಡುವು ಆ ಕೈಗೆ.

‘ಡಬಲ್’, ‘ಟ್ರಿಪಲ್’ ಬಿಟ್ಟುಬಿಡಿ. ಮೊದಲ ಐದು 4ರಲ್ಲಿ ಮುಗಿದು ಮುಂದಿನ ಐದು 44ರಲ್ಲಿ ಶುರುವಾದರೆ, ‘ಟ್ರಿಪಲ್ ಫೋರ್’ ಅಂದ ತಕ್ಷಣ ಗುಂಪು ಒಡೆದುಹೋಗುತ್ತದೆ. ಬರೆಯುವವರು ನಾಲ್ಕು ಎಷ್ಟು ಬಿತ್ತು ಅಂತ ಎಣಿಸುತ್ತಾ ಮುಂದಿನದನ್ನು ಕಳೆದುಕೊಳ್ಳುತ್ತಾರೆ. ‘ನಾಲ್ಕು’ ಅಂತ ನಿಲ್ಲಿಸಿ, ಮುಂದಿನ ಗುಂಪಿನಲ್ಲಿ ‘ನಾಲ್ಕು, ನಾಲ್ಕು’ ಅನ್ನಿ. ಹಾಗೇ ‘ನೈಂಟಿ ಏಯ್ಟ್’ ಅಂತ ಜೋಡಿಸಿಯೂ ಬೇಡ. ಅದನ್ನು 90, 8 ಅಂತ ಬರೆದವರನ್ನು ನೋಡಿದ್ದೇನೆ.

ಕನ್ನಡದಲ್ಲಿ ಹೇಳಬೇಕೋ ಇಂಗ್ಲಿಷಿನಲ್ಲೋ? ಕೇಳುವವರು ಯಾವುದರಲ್ಲಿ ಬರೆದುಕೊಳ್ಳುತ್ತಾರೋ ಅದರಲ್ಲಿ ಶುರು ಮಾಡಿ. ಅನುಮಾನ ಬಂದ ಅಂಕಿಯನ್ನು ಮಾತ್ರ ಇನ್ನೊಂದು ಭಾಷೆಯಲ್ಲಿ ಹೇಳಿ. ಇಂಗ್ಲಿಷಿನಲ್ಲಿ ‘ಫೈವ್’ ಮತ್ತು ‘ನೈನ್’ ಫೋನಿನಲ್ಲಿ ಅಣ್ಣತಮ್ಮಂದಿರು. ಕನ್ನಡದಲ್ಲಿ ‘ಐದು’, ‘ಒಂಬತ್ತು’ ಹತ್ತಿರವೂ ಸುಳಿಯುವುದಿಲ್ಲ. ಕನ್ನಡದ ‘ಆರು’ ಮತ್ತು ‘ಮೂರು’ ಕಲಸಿದರೆ ‘ಸಿಕ್ಸ್’, ‘ತ್ರೀ’ ಬಿಡಿಸಿಕೊಡುತ್ತವೆ. ನಮಗೆ ಎರಡು ಭಾಷೆಯ ಅಂಕಿ ಬಾಯಲ್ಲಿರುವುದು ಈ ಕೆಲಸದಲ್ಲಿ ದೊಡ್ಡ ಅನುಕೂಲ.

ಅವರು ಓದುವಾಗ ತಪ್ಪಿದರೆ ‘ನೈನ್ ಅಲ್ಲ, ಫೈವ್’ ಅನ್ನಬೇಡಿ. ಆಗ ಎರಡು ಅಂಕಿ ಕಿವಿಗೆ ಬೀಳುತ್ತವೆ, ಯಾವುದನ್ನು ಹೊಡೆದುಹಾಕಬೇಕು ಅಂತ ತಿಳಿಯುವುದಿಲ್ಲ. ‘ಆ ಸಾಲು ಹೊಡೆದುಹಾಕಿ, ಮೊದಲಿಂದ ಹೇಳ್ತೀನಿ’ ಅಂತ ಆ ಐದನ್ನೂ ಮತ್ತೆ ಹೇಳಿ. ನಂಬರ್ ಅವರದ್ದಾಗಿದ್ದು ನೀವು ಬರೆದುಕೊಂಡಿದ್ದರೆ, ಅವರು ಲೈನಿನಲ್ಲಿರುವಾಗಲೇ ಇನ್ನೊಂದು ಫೋನಿನಿಂದ ಅದಕ್ಕೆ ಮಿಸ್ಡ್ ಕಾಲ್ ಕೊಡಿ. ಅಲ್ಲಿಗೆ ಆ ಮಾತು ಮುಗಿಯಿತು.

ಹೆಸರಿಗೆ ಬೇರೆ ಥರದ ಎಚ್ಚರ ಬೇಕು. ವಸಂತ ಅನ್ನುವುದನ್ನು ಇಂಗ್ಲಿಷಿನಲ್ಲಿ VASANTHA ಅಂತಲೂ VASANTA ಅಂತಲೂ ಬರೆಯುತ್ತಾರೆ. ಗೌಡ GOWDA ಇರಬಹುದು, GOUDA ಇರಬಹುದು. ಹೇಗೆ ಸರಿ ಅನ್ನುವುದು ಪ್ರಶ್ನೆಯೇ ಅಲ್ಲ. ಅವರ ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೇಗಿದೆಯೋ ಹಾಗೆ, ಅದನ್ನು ಕೈಯಲ್ಲಿ ಹಿಡಿದು ಓದಲು ಹೇಳಿ. ಮೊದಲು ಹೆಸರು ಪೂರ್ತಿ, ಆಮೇಲೆ ಮೂರುಮೂರು ಅಕ್ಷರ: V A S, A N T, H A. ‘ಇಂಗ್ಲಿಷಿನಲ್ಲಿ ಎಂಟು ಅಕ್ಷರ’ ಅಂತ ಎಣಿಕೆಯನ್ನೂ ಸೇರಿಸಿ. H ಬಿಟ್ಟಿದ್ದರೆ ಎಣಿಕೆಯಲ್ಲೇ ಸಿಕ್ಕಿಬೀಳುತ್ತದೆ.

ಅಕ್ಷರಗಳು ಯಾಕೆ ಇಷ್ಟು ಕಲಸುತ್ತವೆ ಅಂದರೆ, ಹಳೇ ರೀತಿಯ ಫೋನ್ ಲೈನ್ ಸುಮಾರು 300ರಿಂದ 3400 ಹರ್ಟ್ಸ್ ತನಕದ ಸದ್ದನ್ನು ಮಾತ್ರ ದಾಟಿಸುತ್ತದೆ. S ಮತ್ತು F ಬೇರೆ ಅಂತ ನಮಗೆ ಗೊತ್ತಾಗುವುದು ಹೆಚ್ಚಾಗಿ ಅದಕ್ಕಿಂತ ಮೇಲಿನ ಸದ್ದಿನಿಂದ. ಈಗಿನ 4ಜಿ ಕರೆಯಲ್ಲಿ ಇದು ಎಷ್ಟೋ ಸುಧಾರಿಸಿದೆ, ಆದರೆ ಎರಡೂ ಕಡೆ ಆ ಸೌಲಭ್ಯ ಇರಬೇಕು. M-N, B-D-P-T ಇವಕ್ಕೆ ಊರಿನ ಹೆಸರು ಜೋಡಿಸಿ. M ಮೈಸೂರು, N ನಂಜನಗೂಡು, B ಬೀದರ್, D ದಾವಣಗೆರೆ, P ಪುತ್ತೂರು, T ತುಮಕೂರು. ಆರಿಸುವಾಗ ಒಂದು ನೋಡಿಕೊಳ್ಳಿ. ‘M ಮಂಜು, N ನಂಜು’ ಅಂದರೆ ಅಕ್ಷರದಲ್ಲಿದ್ದ ಗೊಂದಲವೇ ಮತ್ತೆ ಬಂತು. ಜೋಡಿಸುವ ಎರಡು ಪದಗಳು ಮೊದಲ ಅಕ್ಷರದ ಆಚೆಗೂ ಬೇರೆಬೇರೆ ಇರಬೇಕು. V ಮತ್ತು W ನಮ್ಮ ಬಾಯಲ್ಲಿ ಎರಡೂ ‘ವ’ ಆಗುತ್ತವೆ. ಅಲ್ಲಿ ಊರಿನ ಹೆಸರಿಗಿಂತ ‘ವಿ’, ‘ಡಬ್ಲ್ಯು’ ಅಂತ ಅಕ್ಷರದ ಹೆಸರೇ ವಾಸಿ.

ಅಡ್ವಾನ್ಸ್ ಕಳಿಸಲು ನೀವು ಮಂಟಪದ ಖಾತೆಯ ವಿವರ ಹೇಳುವಾಗ ಇವೆಲ್ಲಾ ಒಟ್ಟಿಗೆ ಬೇಕಾಗುತ್ತವೆ. ಐಎಫ್‌ಎಸ್‌ಸಿ ಹನ್ನೊಂದು ಅಕ್ಷರಗಳದ್ದು. ಮೊದಲ ನಾಲ್ಕು ಬ್ಯಾಂಕಿನದು, ಕೊನೆಯ ಆರು ಶಾಖೆಯದು. ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಅದನ್ನು O ಅಂತ ಬರೆದುಕೊಳ್ಳುವವರು ಜಾಸ್ತಿ. ಕೆನರಾ ಬ್ಯಾಂಕ್ ಆದರೆ ‘C N R B, ಆಮೇಲೆ ಅಂಕಿ ಸೊನ್ನೆ’ ಅಂತ ನಿಲ್ಲಿಸಿ, ಉಳಿದ ಆರನ್ನು ಮೂರುಮೂರಾಗಿ ಹೇಳಿ. ಖಾತೆ ಸಂಖ್ಯೆಯನ್ನು ನಾಲ್ಕುನಾಲ್ಕಾಗಿ ಒಡೆದು, ಕೊನೆಗೆ ಒಟ್ಟು ಎಷ್ಟು ಅಂಕಿ ಅಂತ ಹೇಳಿ. ಬ್ಯಾಂಕಿನಿಂದ ಕಳಿಸುವ ದುಡ್ಡು ಹೆಸರು ನೋಡಿ ಅಲ್ಲ, ಖಾತೆ ಸಂಖ್ಯೆ ನೋಡಿ ಹೋಗುತ್ತದೆ. ಹಾಗಾಗಿ ಹೆಸರು ಸರಿ ಬರೆದಿದ್ದಾರೆ ಅಂತ ಸುಮ್ಮನಾಗಬೇಡಿ. ನೆಫ್ಟ್, ಆರ್‌ಟಿಜಿಎಸ್‌ನಲ್ಲೂ ಕಳಿಸುವ ಮೊದಲು ಖಾತೆದಾರರ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರ ಒಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಯುಪಿಐನಲ್ಲಿ ಹೆಸರು ಮೊದಲಿನಿಂದಲೂ ಕಾಣಿಸುತ್ತದೆ. ‘ಸ್ಕ್ರೀನಿನಲ್ಲಿ ಯಾರ ಹೆಸರು ಬಂತು, ಓದಿ ಹೇಳಿ ಅಮ್ಮ’ ಅಂತ ಕೇಳಿ. ಅದು ಸರಿಯಿದ್ದರೆ ಮೊದಲು ಒಂದು ರೂಪಾಯಿ ಕಳಿಸಲಿ. ನಿಮ್ಮ ಖಾತೆಗೆ ಬಂದ ಮೇಲೆ ಉಳಿದದ್ದು. ಈ ಮಾತುಕತೆಯಲ್ಲಿ ಒಟಿಪಿ, ಪಿನ್ ಯಾವತ್ತೂ ಬರಬಾರದು. ಅವರಾಗಿಯೇ ಓದಲು ಹೊರಟರೂ ತಡೆಯಿರಿ.

ಇಷ್ಟಾದ ಮೇಲೆ ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆದು ಕಳಿಸಿ, ಆದರೆ ಫೋನ್ ಇಡುವ ಮೊದಲೇ ಕಳಿಸಿ. ಇಟ್ಟ ಮೇಲೆ ಹೋದ ಮೆಸೇಜನ್ನು ಯಾರೂ ತಾವು ಬರೆದದ್ದರ ಜೊತೆ ಹೋಲಿಸಿ ನೋಡುವುದಿಲ್ಲ. ಲೈನಿನಲ್ಲಿರುವಾಗ ಕಳಿಸಿದರೆ ತಾರೀಖು ಮತ್ತು ವಾರ, ಒಟ್ಟು ಮತ್ತು ಬಾಕಿ, ಇವನ್ನಾದರೂ ಅವರ ಬಾಯಿಂದ ಓದಿಸಬಹುದು. ಹಳ್ಳಿಯ ಹಿರಿಯರು ‘ಮೊಬೈಲ್ ನೋಡೋಕೆ ಬರಲ್ಲ ಕಣಪ್ಪ’ ಅಂದರೆ ಮನೆಯಲ್ಲಿ ಓದು ಬಲ್ಲ ಹುಡುಗರ ಕೈಗೆ ಫೋನ್ ಕೊಡಲು ಹೇಳಿ, ಮೊದಲಿನಿಂದ ಶುರು ಮಾಡಿ.