ಪಾಠ ಶುರುವಾಗುವ ಮೊದಲೇ ಬಿಟ್ಟರೆ ಶುಲ್ಕ ಯಾರದು?

ಮಾನ್ಯ ಸಂಪಾದಕರೇ,
ಮಗಳನ್ನು ನೀಟ್ ರಿಪೀಟರ್ ಬ್ಯಾಚಿಗೆಂದು ಮೇ 12ರಂದು ಬೆಂಗಳೂರಿನ ಕೋಚಿಂಗ್ ಕೇಂದ್ರವೊಂದಕ್ಕೆ ಸೇರಿಸಿ ಪೂರ್ತಿ 1,18,000 ರೂಪಾಯಿ ಕಟ್ಟಿದೆ. ತರಗತಿ ಶುರುವಾಗುವುದು ಜೂನ್ 16ಕ್ಕೆ. ಅಷ್ಟರಲ್ಲಿ ಅವಳು ಬಿ.ಎಸ್ಸಿ. ಕೃಷಿಗೇ ಸೇರುತ್ತೇನೆಂದಳು. ಮೇ 30ರಂದು ಫೋನಿನಲ್ಲಿ, ಜೂನ್ 2ರಂದು ವಾಟ್ಸ್ಆ್ಯಪ್‌ನಲ್ಲಿ ತಿಳಿಸಿದೆ. ‘ಒಮ್ಮೆ ಕಟ್ಟಿದ ಶುಲ್ಕ ವಾಪಸಿಲ್ಲ, ಅರ್ಜಿಯಲ್ಲಿ ನೀವೇ ಸಹಿ ಮಾಡಿದ್ದೀರಿ. ಬೇಕಾದರೆ ಮುಂದಿನ ವರ್ಷ ಮಗನಿಗೆ ಹೊಂದಿಸಿಕೊಡುತ್ತೇವೆ’ ಎನ್ನುತ್ತಾರೆ. ನಾನು ಬರೆದಿರುವ ಮನವಿ ಪತ್ರದ ಪ್ರತಿ ಲಗತ್ತಿಸಿದ್ದೇನೆ. ಇದರಿಂದ ಹಣ ಬಂದೀತೇ?
– ಒಬ್ಬ ತಂದೆ, ಹಾಸನ

ಮಾನ್ಯರೇ,

ಈ ಪತ್ರದಿಂದ ಬರುವುದು ಕಷ್ಟ. ಎರಡು ಪುಟದಲ್ಲಿ ಈ ಸಲದ ಕಾಫಿ ಫಸಲು, ನಿಮ್ಮ ತಾಯಿಯ ಆಪರೇಷನ್, ಸಹಕಾರ ಸಂಘದ ಸಾಲ ಎಲ್ಲವೂ ಇದೆ. ಮಗಳು ಒಂದು ದಿನವೂ ತರಗತಿಯಲ್ಲಿ ಕೂತಿಲ್ಲ ಎಂಬ ಮಾತು ಮಾತ್ರ ಎರಡನೇ ಪುಟದ ಕೊನೆಯಲ್ಲಿ, ‘ದಯಮಾಡಿ’ ಮತ್ತು ‘ಮಾನವೀಯತೆಯ ದೃಷ್ಟಿಯಿಂದ’ ಎಂಬೆರಡು ಪದಗಳ ನಡುವೆ ಸಿಕ್ಕಿಕೊಂಡಿದೆ. ನಿಮ್ಮ ಕೈಯಲ್ಲಿರುವ ಬಲವೆಲ್ಲ ಆ ಒಂದು ಮಾತೇ. ಕರುಣೆ ಬೇಡಿದರೆ ‘ಸಂಸ್ಥೆಯ ನಿಯಮದಲ್ಲಿ ಅವಕಾಶವಿಲ್ಲ’ ಎಂದು ಕೈತೊಳೆದುಕೊಳ್ಳುವುದು ಅವರಿಗೆ ಸುಲಭ. ತಾರೀಖು ಹಿಡಿದು ಕೇಳಿದರೆ ಅಷ್ಟು ಸುಲಭವಲ್ಲ.

ಮೊದಲು ಆ ಸಹಿಯ ಹೆದರಿಕೆ ಬಿಡಿ. ಒಪ್ಪಂದ ಮುರಿದವನಿಂದ ಎದುರು ಪಕ್ಷ ಸಮಂಜಸವಾದ ಪರಿಹಾರವನ್ನಷ್ಟೇ ಪಡೆಯಬಹುದು, ಬರೆಸಿಕೊಂಡ ಮೊತ್ತವನ್ನೆಲ್ಲ ನುಂಗುವಂತಿಲ್ಲ ಎಂಬುದು 1872ರ ಒಪ್ಪಂದ ಕಾಯ್ದೆಯ 74ನೇ ಕಲಮಿನ ತಿರುಳು. ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳ ಮೇಲೆ ಗ್ರಾಹಕ ಆಯೋಗಕ್ಕೆ ಹೋಗುವಂತಿಲ್ಲ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಕೋಚಿಂಗ್ ಕೇಂದ್ರಗಳಿಗೆ ಅನ್ವಯಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗದ ವಿಸ್ತೃತ ಪೀಠ 2020ರ ಜನವರಿಯಲ್ಲಿ ಮನು ಸೋಲಂಕಿ ಪ್ರಕರಣದಲ್ಲಿ, ಇವು ಶಾಲಾ ಕಾಲೇಜುಗಳಿಗೆ ಸಮವಲ್ಲ, ಇವುಗಳ ಸೇವಾಲೋಪದ ದೂರನ್ನು ಆಯೋಗಗಳು ಕೇಳಬಹುದು ಎಂದು ಬಿಡಿಸಿ ಹೇಳಿದೆ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಮಾರ್ಗಸೂಚಿಯೂ ನಿಮ್ಮ ಪರವಾಗಿದೆ. ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆಯೇ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು ಲೆಕ್ಕಹಾಕಿ 10 ದಿನಗಳೊಳಗೆ ಕೊಡಬೇಕು ಎನ್ನುತ್ತದೆ ಅದು. ನಡುವೆ ಬಿಟ್ಟವರಿಗೇ ಹೀಗಿರುವಾಗ, ಹೊಸ್ತಿಲನ್ನೇ ತುಳಿಯದವರಿಗೆ ಇಲ್ಲ ಎನ್ನಲು ಯಾವ ನ್ಯಾಯವಿದೆ? ಆದರೆ ಅದು ರಾಜ್ಯಗಳು ಅಳವಡಿಸಿಕೊಳ್ಳಲೆಂದು ಕೊಟ್ಟ ಮಾದರಿಯೇ ಹೊರತು ಅದೇ ಕಾಯ್ದೆಯಲ್ಲ. ಪತ್ರದಲ್ಲಿ ಒಂದು ಸಾಲು ಉಲ್ಲೇಖಿಸಿ, ಇಡೀ ವಾದವನ್ನು ಅದರ ಮೇಲೆ ಕಟ್ಟಬೇಡಿ.

ಈಗ ಲೆಕ್ಕ. ನಿಮ್ಮ ರಸೀದಿಯಲ್ಲಿ ನೋಂದಣಿಗೆ 5,000, ಬೋಧನೆಗೆ 80,000, ಪುಸ್ತಕಕ್ಕೆ 15,000, ಮೇಲೆ ಶೇ 18ರ ಜಿಎಸ್‌ಟಿ 18,000 ಎಂದಿದೆ. ಅಷ್ಟನ್ನೂ ಕೇಳಬೇಡಿ ಎಂಬುದು ನನ್ನ ಸಲಹೆ. ಅರ್ಜಿ ಪಡೆದು ದಾಖಲಿಸುವ ಕೆಲಸವನ್ನು ಅವರು ಮಾಡಿದ್ದಾರೆ. ನೋಂದಣಿಯ 5,000 ಮತ್ತು ಅದರ ತೆರಿಗೆ 900, ಒಟ್ಟು 5,900 ಬಿಟ್ಟುಕೊಟ್ಟು 1,12,100 ಕೇಳಿ. ನಾಳೆ ಆಯೋಗದ ಮುಂದೆ ನಿಂತಾಗ, ಕೊಡಬೇಕಾದದ್ದನ್ನು ತಾನಾಗಿ ಕೊಟ್ಟವನ ಮಾತಿಗೆ ತೂಕ ಹೆಚ್ಚು. ಪುಸ್ತಕದ ಕಟ್ಟು ಇನ್ನೂ ಒಡೆದಿಲ್ಲ ಎಂದಿದ್ದೀರಿ. ಹಾಗೆಯೇ ಇರಲಿ, ಸೀಲ್ ಕಾಣುವಂತೆ ಒಂದು ಫೋಟೊ ತೆಗೆದಿಡಿ. ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಿಯಾಯಿತು, ಅದು ಬರುವುದಿಲ್ಲ ಎಂದರೆ ನಂಬಬೇಡಿ. ಮುಂಗಡ ಪಡೆದು ಸೇವೆ ಕೊಡದಿದ್ದರೆ ರೀಫಂಡ್ ವೋಚರ್, ಇನ್‌ವಾಯ್ಸ್ ಕೊಟ್ಟಿದ್ದರೆ ಕ್ರೆಡಿಟ್ ನೋಟ್ ಹೊರಡಿಸಿ ಸರಿಪಡಿಸಲು ಜಿಎಸ್‌ಟಿ ಕಾಯ್ದೆಯಲ್ಲೇ ದಾರಿಯಿದೆ. ಅದು ಅವರ ಲೆಕ್ಕಿಗರ ಕೆಲಸ.

ಪತ್ರ ಇಷ್ಟು ಸಾಕು:

‘ನನ್ನ ಮಗಳ ಪ್ರವೇಶವನ್ನು ರದ್ದುಪಡಿಸುವಂತೆ ಮೇ 30ರಂದು ದೂರವಾಣಿಯಲ್ಲಿ, ಜೂನ್ 2ರಂದು ವಾಟ್ಸ್ಆ್ಯಪ್ ಮೂಲಕ ತಿಳಿಸಿದ್ದೇನೆ. ತರಗತಿಗಳ ಆರಂಭ ಜೂನ್ 16. ಆಕೆ ಯಾವ ತರಗತಿಗೂ ಹಾಜರಾಗಿಲ್ಲ, ನಿಮ್ಮ ಆ್ಯಪ್‌ನ ಪಾಠಗಳನ್ನೂ ಬಳಸಿಲ್ಲ. ಪಾವತಿಸಿದ 1,18,000 ರೂಪಾಯಿಯಲ್ಲಿ ನೋಂದಣಿ ಶುಲ್ಕವನ್ನು ತೆರಿಗೆ ಸಹಿತ ಕಳೆದು 1,12,100 ರೂಪಾಯಿಯನ್ನು ಈ ಪತ್ರ ತಲುಪಿದ 15 ದಿನಗಳೊಳಗೆ, ಹಣ ಕಟ್ಟಿದ ಖಾತೆಗೇ ಜಮಾ ಮಾಡಿ. ತೆರೆಯದ ಪುಸ್ತಕಗಳನ್ನು ಹಿಂದಿರುಗಿಸಲು ಸಿದ್ಧನಿದ್ದೇನೆ. ಮೊತ್ತವನ್ನು ಬೇರೆ ಕೋರ್ಸಿಗಾಗಲಿ ಬೇರೆ ವಿದ್ಯಾರ್ಥಿಗಾಗಲಿ ಹೊಂದಿಸಲು ನನ್ನ ಒಪ್ಪಿಗೆಯಿಲ್ಲ. ತಪ್ಪಿದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡುತ್ತೇನೆ.’

ಆ್ಯಪ್‌ನ ಮಾತು ಸುಮ್ಮನೆ ಸೇರಿಸಿದ್ದಲ್ಲ. ಹಣ ಕಟ್ಟಿದ ದಿನವೇ ಲಾಗಿನ್ ಕೊಟ್ಟು, ಸೇವೆ ಅಂದೇ ಶುರುವಾಯಿತು ಎಂದು ವಾದಿಸುವವರಿದ್ದಾರೆ. ಮಗಳು ನಾಲ್ಕು ವಿಡಿಯೊ ನೋಡಿದ್ದರೆ ಹಾಗೆಂದೇ ಬರೆಯಿರಿ. ಅದರ ದಾಖಲೆ ಅವರ ಬಳಿ ಇರುತ್ತದೆ. ಪತ್ರವನ್ನು ಯಾರ ಹೆಸರಿಗೆ ಬರೆಯುತ್ತೀರಿ ಎಂಬುದೂ ಮುಖ್ಯ. ಬೋರ್ಡಿನ ಮೇಲಿನ ದೊಡ್ಡ ಹೆಸರು ಒಂದು, ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆಯ ಪಕ್ಕದಲ್ಲಿರುವ ಸಂಸ್ಥೆಯ ಹೆಸರು ಇನ್ನೊಂದು ಆಗಿರಬಹುದು. ಎಷ್ಟೋ ಶಾಖೆಗಳು ಫ್ರಾಂಚೈಸಿಗಳು. ರಸೀದಿಯಲ್ಲಿರುವವರಿಗೆ ಬರೆದು ಮುಖ್ಯ ಕಚೇರಿಗೆ ಪ್ರತಿ ಕಳಿಸಿ. ಒಂದು ಇಮೇಲ್‌ನಲ್ಲಿ, ಒಂದು ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ತರಗತಿ ಶುರುವಾಗಿರುತ್ತದೆ. ಅದರಿಂದ ತೊಂದರೆಯಿಲ್ಲ, ಜೂನ್ 2ರ ಆ ವಾಟ್ಸ್ಆ್ಯಪ್ ಸಂದೇಶ ಇದೆಯಲ್ಲ, ಅದನ್ನು ಮಾತ್ರ ಅಳಿಸಬೇಡಿ.

‘ನಿಮ್ಮ ಮಗಳಿಗೆ ಕಾದಿರಿಸಿದ ಸೀಟು ಖಾಲಿ ಉಳಿಯಿತು, ನಮಗೆ ನಷ್ಟ’ ಎಂಬ ಉತ್ತರ ಬಂದೇ ಬರುತ್ತದೆ. ಇವತ್ತೇ ಅವರ ಜಾಹೀರಾತುಗಳನ್ನು ನೋಡಿ. ಜೂನ್ 2ರ ನಂತರವೂ ಅದೇ ಬ್ಯಾಚಿಗೆ ‘ಪ್ರವೇಶ ನಡೆಯುತ್ತಿದೆ’ ಎಂದು ಹಾಕಿಕೊಂಡಿದ್ದರೆ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಇನ್ನೂ ಸೀಟು ಮಾರುತ್ತಿರುವವರು ನಿಮ್ಮಿಂದ ಸೀಟು ಹಾಳಾಯಿತು ಎನ್ನುವುದು ಹೇಗೆ?

ಗಡುವು ದಾಟಿದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ, ಆದರೂ ದೂರು ಅಲ್ಲಿ ದಾಖಲಾದರೆ ಕೆಲವು ಕೇಂದ್ರಗಳು ದಾರಿಗೆ ಬರುತ್ತವೆ. ಬಗ್ಗದಿದ್ದರೆ ಜಿಲ್ಲಾ ಆಯೋಗ. ಬೆಂಗಳೂರಿಗೆ ಅಲೆಯಬೇಕಿಲ್ಲ, 2019ರ ಕಾಯ್ದೆಯ ಪ್ರಕಾರ ದೂರುದಾರ ವಾಸಿಸುವ ಊರಿನಲ್ಲೇ, ಅಂದರೆ ಹಾಸನದಲ್ಲೇ, ದೂರು ಕೊಡಬಹುದು. ನೀವು ಕಟ್ಟಿದ ಮೊತ್ತ 5 ಲಕ್ಷದೊಳಗಿರುವುದರಿಂದ ಆಯೋಗದ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದ ಕಾಲಾವಕಾಶವಿದೆ. ಒಂದು ಎಚ್ಚರ: ‘ಅನ್ಯಾಯದ ಒಪ್ಪಂದ’ ಎಂಬ ಶೀರ್ಷಿಕೆಯಲ್ಲಿ ದೂರು ಕೊಡಬೇಡಿ, ಅದು ರಾಜ್ಯ ಆಯೋಗದ ವ್ಯಾಪ್ತಿ. ಸೇವಾಲೋಪ ಮತ್ತು ಅನುಚಿತ ವ್ಯಾಪಾರ ಪದ್ಧತಿ ಎಂದು ಬರೆಯಿರಿ.

ನಡುವೆ ಅವರು ಐವತ್ತು ಸಾವಿರದ ಚೆಕ್ ಹಿಡಿದು ಬಂದಾರು. ಜೊತೆಗೊಂದು ಅಚ್ಚಾದ ಹಾಳೆ ಇರುತ್ತದೆ, ಅದರಲ್ಲಿ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದಿರುತ್ತದೆ. ಅದಕ್ಕೆ ಸಹಿ ಹಾಕಿದರೆ ಉಳಿದ 62,100 ಕೇಳುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಚೆಕ್ ಪಡೆಯುವುದಾದರೆ ‘ಭಾಗಶಃ ಪಾವತಿ, ಬಾಕಿಯ ಹಕ್ಕು ಕಾಯ್ದಿರಿಸಿದೆ’ ಎಂದು ನೀವೇ ಕೈಯಾರೆ ಬರೆದು, ಅದರ ಕೆಳಗೆ ಸಹಿ ಮಾಡಿ.

– ಸಂ.