ಊಟ ಖಾಲಿ ಆದ್ಮೇಲೂ ಯಾವ ಐಟಂ ಕೆಟ್ಟಿತ್ತು ಅಂತ ಹಿಡಿಯೋದು

"ಫಂಕ್ಷನ್ ಊಟ ಮಾಡಿ ಒಂದಷ್ಟು ಜನಕ್ಕೆ ವಾಂತಿ ಭೇದಿ ಆದ್ರೆ, ಯಾವ ಐಟಂನಿಂದ ಆಯ್ತು ಅಂತ ಹೇಗೆ ಕಂಡುಹಿಡೀತಾರೆ? ಎಲ್ರೂ ಎಲ್ಲಾನೂ ತಿಂದಿರ್ತಾರಲ್ವಾ?"

ಎಲ್ರೂ ಎಲ್ಲಾನೂ ತಿಂದಿರಲ್ಲ, ಅದೇ ನಮ್ಗೆ ಸಿಗೋ ದಾರಿ. ನಾನು ಜಿಲ್ಲಾ ಸರ್ವೇಲೆನ್ಸ್ ಯೂನಿಟ್‌ನಲ್ಲಿ, ಅಂದ್ರೆ ಜಿಲ್ಲೇಲಿ ರೋಗ ಹರಡೋದರ ಮೇಲೆ ಕಣ್ಣಿಡೋ ಆಫೀಸ್‌ನಲ್ಲಿ, ಕೆಲ್ಸ ಮಾಡೋನು. ಟ್ರೈನಿಂಗ್‌ನಲ್ಲಿ ನಮ್ಗೆ ಕೊಟ್ಟಿದ್ದ ಹಳೇ ಕೇಸ್ ಒಂದಿದೆ, ಅದನ್ನೇ ಹೇಳ್ತೀನಿ. 1940ರ ಏಪ್ರಿಲ್ 18, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಓಸ್ವೀಗೋ ಕೌಂಟಿಯ ಒಂದು ಹಳ್ಳಿ, ಚರ್ಚ್‌ನಲ್ಲಿ ಸಂಜೆ 6ರಿಂದ ರಾತ್ರಿ 11ರವರೆಗೆ ಊಟ. ಬಂದಿದ್ದು 80 ಜನ, ಮಾತಾಡ್ಸೋಕೆ ಸಿಕ್ಕಿದ್ದು 75, ಅದ್ರಲ್ಲಿ 46 ಜನಕ್ಕೆ ಹುಷಾರು ತಪ್ಪಿತ್ತು.

ಮೊದ್ಲು ಕೇಸ್ ಡೆಫಿನಿಷನ್, ಅಂದ್ರೆ ಯಾರನ್ನ "ಕೇಸ್" ಅಂತ ಎಣಿಸ್ಬೇಕು ಅನ್ನೋದು. ಏನಾಯ್ತು, ಯಾವ ಜಾಗದ ಜನಕ್ಕೆ, ಯಾವಾಗಿಂದ ಯಾವಾಗಿನವರೆಗೆ, ಇಷ್ಟು ಸಾಕು. ಹೊಸಬ್ರು ಇಲ್ಲೇ ಎಡವೋದು, ನಾನೂ ಎಡವಿದೀನಿ. ಊರಲ್ಲಿ ಎಲ್ರೂ "ಸಾರ್ ಪಾಯಸದಿಂದಾನೇ" ಅಂತಿದ್ರೆ "ಪಾಯಸ ತಿಂದು ವಾಂತಿ ಆದೋರು" ಅಂತ ಬರ್ದುಬಿಡ್ತೀವಿ, ಆಮೇಲೆ ಲೆಕ್ಕ ಹಾಕಿದ್ರೆ ಪಾಯಸಾನೇ ಬರುತ್ತೆ, ಬರ್ದೇ ಇನ್ನೇನು, ತಿನ್ನದೇ ಇರೋರನ್ನ ನೀವೇ ಹೊರಗಿಟ್ಟಿದೀರಲ್ಲ!

ಆಮೇಲೆ ಲೈನ್ ಲಿಸ್ಟ್. ಒಬ್ಬರಿಗೆ ಒಂದು ಸಾಲು: ವಯಸ್ಸು, ಗಂಡು ಹೆಣ್ಣು, ಎಷ್ಟೊತ್ತಿಗೆ ಊಟ, ಎಷ್ಟೊತ್ತಿಗೆ ಶುರುವಾಯ್ತು, ಆಮೇಲೆ ಒಂದೊಂದು ಐಟಂಗೂ ತಿಂದ್ರಾ ಇಲ್ವಾ. ಊಟ ಮಾಡಿ ಹುಷಾರಾಗೇ ಇರೋರದ್ದೂ ಇದೇ ಥರ ಬರೀಬೇಕು, ಹೋಲಿಸೋಕೆ ಅವ್ರೇ ಬೇಕಾಗೋದು. ಟೈಮ್ ಕೇಳಿದ್ರೆ ನಮ್ಮ ಜನ "ರಾತ್ರಿ ಸಾರ್" ಅಂತಾರೆ ಅಷ್ಟೆ, "ಕರೆಂಟ್ ಹೋಗೋಕೆ ಮುಂಚೆನಾ ಆಮೇಲಾ, ಎಲ್ರೂ ಮಲಗಿದ್ರಾ" ಅಂತ ಕೆದಕಿ ಕೆದಕಿ ಗಂಟೆಗೆ ಇಳಿಸ್ಬೇಕು.

ಯಾಕಂದ್ರೆ ಮುಂದಿನದು ಎಪಿಡೆಮಿಕ್ ಕರ್ವ್, ಅದಕ್ಕೆ ಬೇಕಾಗೋದೇ ಶುರುವಾದ ಟೈಮ್. ಕೆಳಗಡೆ ಟೈಮ್, ಮೇಲಕ್ಕೆ ಕೇಸ್‌ಗಳ ಸಂಖ್ಯೆ, ಅಷ್ಟೇ ಗ್ರಾಫ್. ಓಸ್ವೀಗೋದನ್ನ ದಿನದ ಲೆಕ್ಕದಲ್ಲಿ ಹಾಕಿದ್ರೆ 18ಕ್ಕೊಂದು 19ಕ್ಕೊಂದು ಎರಡು ಕಂಬ ಬಂದು ಕೂತ್ಕೊಳ್ತವೆ, ಏನೂ ಗೊತ್ತಾಗಲ್ಲ. ಗಂಟೆ ಲೆಕ್ಕದಲ್ಲಿ ಹಾಕಿದ್ರೆ ರಾತ್ರಿ 9ಕ್ಕೆ ಶುರುವಾಗಿ 2.30ರೊಳಗೆ ಹೆಚ್ಚುಕಮ್ಮಿ ಮುಗಿಯೋ ಒಂದೇ ಗುಡ್ಡ ಕಾಣುತ್ತೆ. ಒಬ್ಬರಿಂದೊಬ್ಬರಿಗೆ ಹರಡಿದ್ರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಗುಡ್ಡ ಏಳ್ಬೇಕಿತ್ತು, ಕೆಟ್ಟ ನೀರನ್ನ ದಿನಾ ಕುಡೀತಿದ್ರೆ ಕೇಸ್ ಬರ್ತಾನೇ ಇರ್ಬೇಕಿತ್ತು. ಊಟದ ಟೈಮ್ ನೆನಪಿದ್ದ 22 ಜನರಲ್ಲಿ ತಿಂದಿದ್ದಕ್ಕೂ ವಾಂತಿ ಶುರುವಾಗಿದ್ದಕ್ಕೂ ನಡುವೆ 3ರಿಂದ 7 ಗಂಟೆ, ಹೆಚ್ಚುಕಮ್ಮಿ 4. ಜ್ವರ ಇಲ್ಲ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆಗಿದ್ರೆ ಸಾಮಾನ್ಯವಾಗಿ ಅರ್ಧ ದಿನ ಇಲ್ಲಾ ಅದಕ್ಕಿಂತ ಜಾಸ್ತಿ ಹಿಡಿಯುತ್ತೆ, ಜ್ವರಾನೂ ಬರುತ್ತೆ. ಇಷ್ಟು ಬೇಗ ಹಿಡಿದಿದೆ ಅಂದ್ರೆ ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಊಟದಲ್ಲೇ ಬೆಳೆದು ವಿಷ ಬಿಟ್ಟಿರೋ ಥರ ಇತ್ತು.

ಆದ್ರೆ ಗುಡ್ಡದಿಂದ ದೂರದಲ್ಲಿ ಒಂಟಿಯಾಗಿ ಒಂದು ಕೇಸ್ ಇತ್ತು. ಒಬ್ಬ ಚಿಕ್ಕ ಹುಡುಗ, ಮಧ್ಯಾಹ್ನ 3ಕ್ಕೇ ವಾಂತಿ, ಆಗ ಊಟ ಶುರುವೇ ಆಗಿರ್ಲಿಲ್ಲ! ಡೆಫಿನಿಷನ್‌ನಲ್ಲಿ "ಊಟ ಆದ್ಮೇಲೆ" ಅಂತ ಬರ್ದಿದ್ರೆ ಇವನು ಔಟ್. ಅವನು ಬೆಳಿಗ್ಗೆ 11ಕ್ಕೇ ಐಸ್‌ಕ್ರೀಮ್ ತಿಂದಿದ್ದ, ಅಲ್ಲಿಂದ 3ಕ್ಕೆ ಸರಿಯಾಗಿ 4 ಗಂಟೆ. ನನ್ ಪ್ರಕಾರ ಇಡೀ ಲಿಸ್ಟ್‌ನಲ್ಲಿ ಜಾಸ್ತಿ ಮಾತಾಡೋ ಸಾಲು ಇದೇ, ಇಂಥ ಒಂಟಿ ಕೇಸನ್ನ "ಎಂಟ್ರಿ ತಪ್ಪಿರ್ಬೇಕು" ಅಂತ ಅಳಿಸೋಕೆ ಹೋಗ್ಬೇಡಿ.

ಕರ್ವ್ ಹೇಳೋದು ಯಾವಾಗ ಅನ್ನೋದು ಮಾತ್ರ, ಯಾವ ಐಟಂ ಅನ್ನೋದಕ್ಕೆ ಲೈನ್ ಲಿಸ್ಟ್‌ಗೇ ವಾಪಸ್ ಬರ್ಬೇಕು. ಹ್ಯಾಮ್, ಅಂದ್ರೆ ಹಂದಿ ಮಾಂಸ, ತಿಂದೋರಲ್ಲಿ 63% ಜನಕ್ಕೆ ಹುಷಾರು ತಪ್ಪಿತ್ತು, ಕೇಳಿದ್ರೆ ಇದೇ ಅನ್ಸುತ್ತೆ, ಆದ್ರೆ ತಿನ್ನದೇ ಇದ್ದೋರಲ್ಲೂ 59%, ಅಂದ್ರೆ ಹ್ಯಾಮ್ ಅಲ್ಲ. ವೆನಿಲ್ಲಾ ಐಸ್‌ಕ್ರೀಮ್ ತಿಂದ 54ರಲ್ಲಿ 43 ಜನ, 80%. ತಿನ್ನದ 21ರಲ್ಲಿ 3 ಜನ, 14%. ಹಿಂದಿನ ದಿನ ಮಾಡಿದ ಮಿಕ್ಸ್ ಫ್ರಿಜ್ ಇಲ್ದೆ ರಾತ್ರಿಯಿಡೀ ಚರ್ಚ್‌ನ ನೆಲಮಾಳಿಗೆಯಲ್ಲಿ ಇತ್ತು, ತಯಾರು ಮಾಡಿದ ಒಬ್ಬರ ಮೂಗು ಗಂಟಲಲ್ಲೂ ಸ್ಟ್ಯಾಫಿಲೋಕಾಕಸ್ ಸಿಕ್ತು.

ಆ 3 ಜನ ಏನು ಅಂತ ಕೇಳ್ತೀರಾ? ತಿಂದಿದ್ದು ಮರ್ತಿರ್ಬಹುದು, ವೆನಿಲ್ಲಾಗೆ ಹಾಕಿದ ಚಮಚಾನೇ ಬೇರೆ ಐಟಂಗೂ ಹಾಕಿರ್ಬಹುದು, ಇಲ್ಲಾ ಅವ್ರಿಗೆ ಬೇರೇನೋ ಆಗಿರ್ಬಹುದು. ಲೆಕ್ಕ ಚೆನ್ನಾಗಿ ಕಾಣ್ಲಿ ಅಂತ ಅವ್ರನ್ನ ಲಿಸ್ಟ್‌ನಿಂದ ತೆಗಿಯೋ ಹಾಗಿಲ್ಲ.